ಮೊದಲು ನಡೆದದ್ದನ್ನು ಆಮೇಲೆ ಹೇಳುವುದು ಹೇಗೆ?

‘ಅವನು ಫೋನ್ ಮಾಡಿದಾಗ ನಾನು ಹೊರಟೆ.’ ‘ಅವನು ಫೋನ್ ಮಾಡಿದಾಗ ನಾನು ಹೊರಟಿದ್ದೆ.’ ಈ ಎರಡರಲ್ಲಿ ಬದಲಾದದ್ದು ಕೊನೆಯ ಪದ ಮಾತ್ರ. ಆದರೆ ಮೊದಲನೆಯದರಲ್ಲಿ ಫೋನ್ ಬಂದ ಮೇಲೆ ಹೊರಟದ್ದು, ಎರಡನೆಯದರಲ್ಲಿ ಅದಕ್ಕೂ ಮೊದಲೇ ಹೊರಟದ್ದು. ನಡೆದದ್ದನ್ನು ನಾಲ್ಕೈದು ಸಾಲಿನಲ್ಲಿ ಬರೆದು ಕೊಡಬೇಕಾದಾಗ ಈ ‘ಇದ್ದೆ’ ಬಿಟ್ಟುಹೋದರೆ ಘಟನೆಗಳ ಕ್ರಮವೇ ತಲೆಕೆಳಗಾಗುತ್ತದೆ.

ಒಂದು ಕರಡು ನೋಡಿ:

‘ಐದೂವರೆಗೆ ಅವನು ಫೋನ್ ಮಾಡಿದ. ನಾನು ಮನೆಯಿಂದ ಹೊರಟೆ. ಫೋನ್ ಸೈಲೆಂಟ್ ಮಾಡಿದೆ. ಕರೆ ಬಂದದ್ದು ಗೊತ್ತಾಗಲಿಲ್ಲ. ಆರು ಗಂಟೆಗೆ ನಿಲ್ದಾಣ ತಲುಪಿದೆ. ಅವನು ಬರಲಿಲ್ಲ. ಅರ್ಧ ಗಂಟೆ ಕಾದು ವಾಪಸ್ ಬಂದೆ.’

ಇದನ್ನು ಓದಿದವರಿಗೆ ಏನನ್ನಿಸುತ್ತದೆ? ಕರೆ ಬಂತು, ಇವರು ಹೊರಟರು, ಬೇಕೆಂದೇ ಫೋನಿನ ದನಿ ಅಡಗಿಸಿದರು. ನಿಜವಾಗಿ ನಡೆದದ್ದು ಬೇರೆ. ಮಧ್ಯಾಹ್ನದ ಮೀಟಿಂಗಿನಲ್ಲೇ ಫೋನ್ ಸೈಲೆಂಟ್ ಆಗಿತ್ತು, ಐದು ಗಂಟೆಗೆ ಮನೆ ಬಿಟ್ಟಾಗಿತ್ತು, ಕರೆ ಬಂದದ್ದು ಅದಾದ ಮೇಲೆ.

ತಿದ್ದುವಾಗ ಮೊದಲು ಕಥೆ ಯಾವ ಹೊತ್ತಿನಿಂದ ಮುಂದಕ್ಕೆ ಹೋಗುತ್ತದೆ ಎಂದು ಗೊತ್ತು ಮಾಡಿಕೊಳ್ಳಿ. ಇಲ್ಲಿ ಅದು ಐದೂವರೆಯ ಕರೆ. ಅಲ್ಲಿಂದ ಮುಂದಿನದೆಲ್ಲ ಸಾದಾ ಭೂತಕಾಲದಲ್ಲಿ ಸಾಗಲಿ: ತಲುಪಿದೆ, ಬಂದೆ. ಆಮೇಲೆ ಉಳಿದ ಒಂದೊಂದು ಕ್ರಿಯಾಪದದ ಹತ್ತಿರ ನಿಂತು, ‘ಕರೆ ಬರುವಷ್ಟರಲ್ಲಿ ಇದು ಆಗಿತ್ತಾ?’ ಎಂದು ಕೇಳಿಕೊಳ್ಳಿ. ಹೌದು ಎಂದಾದರೆ ಅದಕ್ಕೆ ‘ಇದ್ದೆ’, ‘ಇದ್ದ’, ‘ಇತ್ತು’ ಬೇಕು. ಮಾಡಿ ಎನ್ನುವುದಕ್ಕೆ ಇದ್ದೆ ಸೇರಿ ಮಾಡಿದ್ದೆ, ಬಂದು ಎನ್ನುವುದಕ್ಕೆ ಇದ್ದ ಸೇರಿ ಬಂದಿದ್ದ, ಅಷ್ಟೇ.

ಇನ್ನು ‘ಹೊರಟಿದ್ದೆ’ ವಿಷಯ. ಈ ಪದದಲ್ಲಿ ಒಂದು ತೊಡಕಿದೆ. ‘ಆಫೀಸಿಗೆ ಹೊರಟಿದ್ದೆ, ಅಷ್ಟರಲ್ಲಿ ಫೋನ್ ಬಂತು’ ಎಂದರೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ಇದ್ದೆ ಎಂದೂ ಆಗುತ್ತದೆ, ಅಲ್ವಾ? ಹೊರಡುವ ತಯಾರಿಗೂ ಹೊರಟು ಹೋದದ್ದಕ್ಕೂ ಕನ್ನಡದಲ್ಲಿ ಇದೊಂದೇ ರೂಪ ನಡೆಯುತ್ತದೆ. ಅನುಮಾನ ಬೇಡ ಎಂದಿದ್ದರೆ ‘ಹೊರಟುಬಿಟ್ಟಿದ್ದೆ’ ಎನ್ನಿ, ಇಲ್ಲವೇ ‘ಆಗಲೇ ಹೊರಟಾಗಿತ್ತು’ ಎನ್ನಿ. ಎರಡರಲ್ಲೂ ಕೆಲಸ ಮುಗಿದಿತ್ತು ಎನ್ನುವುದು ಸ್ಪಷ್ಟ. ನಿಂತಿದ್ದ, ಕೂತಿದ್ದ, ಮಲಗಿದ್ದ ಎನ್ನುವಂಥವೂ ಹೀಗೇ: ಅವು ಮುಗಿದ ಕೆಲಸಕ್ಕಿಂತ ಆ ಹೊತ್ತಿನ ಸ್ಥಿತಿಯನ್ನೇ ಜಾಸ್ತಿ ಹೇಳುತ್ತವೆ.

‘ಮಾಡಿದಾಗ’ ಎನ್ನುವುದನ್ನೂ ‘ಮಾಡುವಷ್ಟರಲ್ಲಿ’ ಎಂದು ಬದಲಿಸಿದರೆ ಒಳ್ಳೆಯದು. ‘ಮಾಡಿದಾಗ’ ಎರಡು ಘಟನೆಗಳನ್ನು ಪಕ್ಕಪಕ್ಕ ಇಡುತ್ತದೆ, ಯಾವುದು ಮೊದಲು ಎಂದು ಹೇಳುವ ಕೆಲಸವೆಲ್ಲ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ‘ಮಾಡುವ ಮೊದಲೇ’ ಎಂದು ಬರೆದರಂತೂ ಕ್ರಮ ಅದರಲ್ಲೇ ಬಂದುಬಿಡುತ್ತದೆ, ಆಗ ಬರೀ ‘ಹೊರಟೆ’ ಎಂದರೂ ನಡೆಯುತ್ತದೆ.

ಕರಡಿನಲ್ಲಿ ಇನ್ನೊಂದು ಸಾಲು ಸುಲಭವಾಗಿ ಕಣ್ಣು ತಪ್ಪಿಸುತ್ತದೆ: ‘ಅವನು ಬರಲಿಲ್ಲ.’ ಇದರ ಪ್ರಕಾರ ಅವನು ಬರಲೇ ಇಲ್ಲ. ‘ಅವನು ಇನ್ನೂ ಬಂದಿರಲಿಲ್ಲ’ ಎಂದರೆ ಆರು ಗಂಟೆಗೆ ಅಲ್ಲಿರಲಿಲ್ಲ ಎಂದಷ್ಟೇ. ಆಮೇಲೆ ಬಂದಿರಲೂಬಹುದು. ಏಳು ಗಂಟೆಗೆ ಅವನು ಬಂದು ಹುಡುಕಿದ್ದರೆ ‘ಬರಲಿಲ್ಲ’ ಎನ್ನುವುದು ಸುಳ್ಳಾಗುತ್ತದೆ. ನಿಮ್ಮ ಬರಹ ದೂರಿನ ಜೊತೆ ಹೋಗುವುದಾದರೆ ಈ ವ್ಯತ್ಯಾಸವನ್ನು ದಯವಿಟ್ಟು ನೋಡಿಕೊಳ್ಳಿ.

ಈಗ ತಿದ್ದಿದ್ದು:

‘ಐದೂವರೆಗೆ ಅವನು ಫೋನ್ ಮಾಡುವಷ್ಟರಲ್ಲಿ ನಾನು ಮನೆಯಿಂದ ಹೊರಟುಬಿಟ್ಟಿದ್ದೆ. ಮಧ್ಯಾಹ್ನ ಮೀಟಿಂಗಿಗೆ ಕೂರುವಾಗಲೇ ಫೋನ್ ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿದ್ದೆ. ಹಾಗಾಗಿ ಕರೆ ಬಂದದ್ದು ಗೊತ್ತಾಗಲಿಲ್ಲ. ಆರು ಗಂಟೆಗೆ ನಿಲ್ದಾಣ ತಲುಪಿದೆ. ಅವನು ಇನ್ನೂ ಬಂದಿರಲಿಲ್ಲ. ಅರ್ಧ ಗಂಟೆ ಕಾದು ವಾಪಸ್ ಬಂದೆ.’

ಎರಡನೇ ವಾಕ್ಯ ಗಮನಿಸಿ. ಹಿಂದೆ ನಡೆದ ಕೆಲಸ ಎರಡು, ‘ಇದ್ದೆ’ ಒಂದೇ. ‘ಮಾಡಿ’ ಎಂದು ಕೊಂಡಿ ಹಾಕಿ ಕೊನೆಯಲ್ಲಿ ‘ಹಾಕಿದ್ದೆ’ ಎಂದರೆ ಅದು ಎರಡನ್ನೂ ಹಿಂದಕ್ಕೆ ಒಯ್ಯುತ್ತದೆ. ಮೂರು ನಾಲ್ಕು ಕೆಲಸಗಳಿದ್ದರೂ ಹೀಗೇ ಪೋಣಿಸಬಹುದು. ‘ಕೂತಿದ್ದೆ, ಮಾಡಿದ್ದೆ, ಹಾಕಿದ್ದೆ’ ಎಂದು ಸುಮ್ನೆ ಸಾಲು ಹಚ್ಚಬೇಕಿಲ್ಲ.

ಕೊನೆಯ ಮೂರು ವಾಕ್ಯಗಳಲ್ಲಿ ‘ತಲುಪಿದ್ದೆ’, ‘ಬಂದಿದ್ದೆ’ ಎಂದು ಬರೆಯುವ ಆಸೆ ಆಗಬಹುದು. ಮಾತಿನಲ್ಲಿ ‘ಮೊನ್ನೆ ಅವರ ಮನೆಗೆ ಹೋಗಿದ್ದೆ’ ಎನ್ನುತ್ತೇವಲ್ಲ, ಅದೇ ರೂಢಿ. ಅಲ್ಲಿ ‘ಹೋಗಿದ್ದೆ’ ಎಂದರೆ ಹೋಗಿ ಬಂದೂ ಆಯಿತು ಎಂದರ್ಥ, ಇನ್ನೊಂದು ಘಟನೆಯ ಜೊತೆ ಹೋಲಿಕೆ ಇಲ್ಲ. ಆದರೆ ಇಂಥ ಬರಹದಲ್ಲಿ ‘ಆರು ಗಂಟೆಗೆ ತಲುಪಿದ್ದೆ’ ಎಂದು ಕಂಡರೆ ಓದುವವರು ‘ಯಾವುದಕ್ಕಿಂತ ಮೊದಲು?’ ಎಂದು ಮುಂದಿನ ಸಾಲಿನಲ್ಲಿ ಹುಡುಕುತ್ತಾರೆ.