ಯಂತ್ರವನ್ನು ಸೊನ್ನೆ-ಒಂದರಲ್ಲಿ ಬರೆದೆ, ಒಂದು 1 ಮರೆತೆ

ಬೇರೆ ಯಾವುದೇ ಟ್ಯೂರಿಂಗ್ ಯಂತ್ರದ ನಿಯಮಗಳನ್ನು ಟೇಪಿನಿಂದ ಓದಿ ಅದರಂತೆಯೇ ನಡೆಯುವ ಯೂನಿವರ್ಸಲ್ ಟ್ಯೂರಿಂಗ್ ಯಂತ್ರದ ಬಗ್ಗೆ ಓದಿದ್ದೆ, ಆದರೆ ಕೈಯಾರೆ ಮಾಡಿ ನೋಡಿರಲಿಲ್ಲ. ಒಂದು ಭಾನುವಾರ ಪೈಥಾನ್‌ನಲ್ಲಿ ಕೂತು ಬರೆದೆ.

ಅದಕ್ಕೆ ಓದಿಸಲು q1 ಸ್ಥಿತಿಯಲ್ಲಿ ಶುರುವಾಗುವ ಒಂದು ಪುಟ್ಟ ಯಂತ್ರ ಆರಿಸಿಕೊಂಡೆ. ಟೇಪಿನಲ್ಲಿ 0 ಇದ್ದರೆ 1 ಮಾಡುತ್ತದೆ, 1 ಇದ್ದರೆ 0 ಮಾಡುತ್ತದೆ, ಬಲಕ್ಕೆ ಹೋಗುತ್ತದೆ. ಖಾಲಿ ಮನೆ ಸಿಕ್ಕರೆ ಖಾಲಿಯನ್ನೇ ಬರೆದು, ಬಲಕ್ಕೆ ಸರಿದು, q2 ಸ್ಥಿತಿಗೆ ಹೋಗಿ ನಿಲ್ಲುತ್ತದೆ. ಒಟ್ಟು ಮೂರೇ ನಿಯಮ.

ಈಗ ಎಲ್ಲಕ್ಕೂ ನಂಬರ್ ಕೊಡಬೇಕು. ಚಿಹ್ನೆಗಳಲ್ಲಿ 0 ಮೊದಲನೆಯದು, 1 ಎರಡನೆಯದು, ಖಾಲಿ ಮೂರನೆಯದು. ಸ್ಥಿತಿಗಳಲ್ಲಿ q1 ಒಂದು, q2 ಎರಡು. ಎಡ ಒಂದು, ಬಲ ಎರಡು. ನಂಬರ್ ಎಷ್ಟೋ ಅಷ್ಟು ಸೊನ್ನೆ ಬರೆಯುವುದು, ನಡುವೆ ಒಂದು 1 ಇಡುವುದು. ‘q1ನಲ್ಲಿ 0 ಕಂಡರೆ q1ನಲ್ಲೇ ಇದ್ದು, 1 ಬರೆದು, ಬಲಕ್ಕೆ ಹೋಗು’ ಅನ್ನುವುದು `01010100100` ಆಗುತ್ತದೆ. ಎರಡು ನಿಯಮಗಳ ನಡುವೆ 11, ಆರಂಭಕ್ಕೂ ಕೊನೆಗೂ 111. ಇಡೀ ಯಂತ್ರ 47 ಅಕ್ಷರ:

```
11101010100100110100101010011010001001000100111
```

(1936ರಲ್ಲಿ ಟ್ಯೂರಿಂಗ್ D, A, C ಅಕ್ಷರಗಳನ್ನು ಬಳಸಿದ್ದ. ಉಪಾಯ ಇದೇ.)

ಯೂನಿವರ್ಸಲ್ ಯಂತ್ರಕ್ಕೆ ಮೂರು ಟೇಪು ಇಟ್ಟೆ. ಒಂದರಲ್ಲಿ ಈ ಸಾಲು, ಎರಡನೆಯದರಲ್ಲಿ ಪುಟ್ಟ ಯಂತ್ರದ ಟೇಪು, ಮೂರನೆಯದರಲ್ಲಿ ಈಗಿನ ಸ್ಥಿತಿ. ಪ್ರತಿ ಹೆಜ್ಜೆಗೂ ಸ್ಥಿತಿ ಮತ್ತು ಚಿಹ್ನೆ ಎರಡೂ ಹೊಂದುವ ನಿಯಮ ಹುಡುಕುವುದು, ಅದು ಹೇಳಿದ್ದನ್ನು ಮಾಡುವುದು.

ನಾನು ಬರೆದ ಹುಡುಕಾಟ ಹೀಗಿತ್ತು, q ಈಗಿನ ಸ್ಥಿತಿಯ ಸೊನ್ನೆಗಳು, x ಓದಿದ ಚಿಹ್ನೆಯ ಸೊನ್ನೆಗಳು:

```
code.find("11" + q + "1" + x)
```

`10` ಕೊಟ್ಟೆ, `01` ಬಂತು. ಖುಷಿಯಾಯಿತು. ಆಮೇಲೆ ಸುಮ್ನೆ ನಿಯಮಗಳ ಕ್ರಮ ಬದಲಿಸಿ, ಖಾಲಿ ಮನೆಯ ನಿಯಮವನ್ನು ಮೊದಲಿಗೆ ತಂದೆ. ಈಗ ಒಂದೇ ಹೆಜ್ಜೆಗೆ ಯಂತ್ರ ನಿಂತಿತು, ಮೊದಲ ಮನೆ ಖಾಲಿ! ಕ್ರಮ ಬದಲಾದರೆ ಉತ್ತರ ಬದಲಾಗಬಾರದು, ಅಲ್ವಾ? ತಪ್ಪು ಹುಡುಕಾಟದಲ್ಲೇ ಇತ್ತು. ಖಾಲಿಗೆ `000`, ಅದರ ಮೊದಲ ಎರಡು ಸೊನ್ನೆ 1ರ ಸಂಕೇತದಂತೆಯೇ ಕಾಣುತ್ತವೆ. ಸೊನ್ನೆಗಳು ಅಲ್ಲಿಗೇ ಮುಗಿದವೇ ಅಂತ ನಾನು ನೋಡಿರಲಿಲ್ಲ. ಕೊನೆಗೆ `+ "1"` ಸೇರಿಸಿದೆ, ಸರಿಹೋಯಿತು. ಮೊದಲ ಸಲ ಕ್ರಮವೇ ನನ್ನನ್ನು ಕಾಪಾಡಿತ್ತು.

ಪೈಥಾನ್ ಇನ್ನೊಂದು ಕಷ್ಟವನ್ನೂ ಮುಚ್ಚಿಟ್ಟಿತ್ತು. ಕಾಗದದ ಮೇಲೆ ಮಾಡಿದಾಗ ಗೊತ್ತಾಯಿತು. ಪ್ರತಿ ಚಿಹ್ನೆಯ ಕೊನೆಗೂ ಒಂದು 1 ಇಟ್ಟರೆ `10` ಎರಡನೇ ಟೇಪಿನಲ್ಲಿ `00101`. ಮೊದಲ ಹೆಜ್ಜೆಗೆ `00` ಹೋಗಿ `0` ಬರಬೇಕು, ಅಂದರೆ ಉಳಿದದ್ದೆಲ್ಲ ಒಂದು ಮನೆ ಎಡಕ್ಕೆ ಸರಿಯಬೇಕು: `0101`. ಮುಂದಿನ ಹೆಜ್ಜೆಗೆ ಜಾಗ ಸಾಲದು, ಬಲಕ್ಕೆ ತಳ್ಳಬೇಕು: `01001`. ನಿಜವಾದ ಟೇಪಿನಲ್ಲಿ ತಳ್ಳುವುದೆಂದರೆ ಬಲಗಡೆ ಇರುವುದನ್ನೆಲ್ಲ ನಾಲ್ಕನೇ ಟೇಪಿಗೆ ನಕಲು ಮಾಡಿ, ಮತ್ತೆ ತಂದು ಬರೆಯುವುದು. ಹೆಜ್ಜೆಯ ಬಹುಪಾಲು ಸಮಯ ಇದಕ್ಕೇ ಹೋಯಿತು.

ಮೂರನೇ ಹೆಜ್ಜೆಗೆ ಓದಲು ಏನೂ ಉಳಿದಿರಲಿಲ್ಲ. ಅಲ್ಲಿ ಯಂತ್ರವೇ `0001` ಸೇರಿಸಿ ಖಾಲಿ ಮನೆ ಹುಟ್ಟಿಸಬೇಕು. ಸ್ಥಿತಿ `00` ಆಯಿತು. 11ರ ಪಕ್ಕ `001` ಇರುವ ನಿಯಮ ಸಾಲಿನಲ್ಲಿ ಎಲ್ಲೂ ಇಲ್ಲ, ಅಲ್ಲಿಗೆ ನಿಂತಿತು.