ನಾಲ್ಕು ಎಕರೆ ಎರೆ ಹೊಲಕ್ಕೆ ಮುಳ್ಳುತಂತಿ: ಕಂಬ ಎಷ್ಟು, ಬಂಡಲ್ ಎಷ್ಟು

ಸಿಂಧನೂರು ಕಡೆಯ ಎರೆ ಹೊಲ, 660 ಅಡಿ ಉದ್ದ, 264 ಅಡಿ ಅಗಲ, ಸರಿಯಾಗಿ 4 ಎಕರೆ. ಸುತ್ತಳತೆ 1848 ಅಡಿ. ಒಂದು ಅಗಲದ ಬದುವಿನ ನಡುವೆ 12 ಅಡಿ ಗೇಟ್ ಬಿಟ್ಟರೆ ತಂತಿ ಕಟ್ಟಬೇಕಾದದ್ದು 1836 ಅಡಿ.

ಕಂಬಗಳ ಅಂತರ 9 ಅಡಿ ಇಟ್ಟೆವು. ಒಟ್ಟು ಅಳತೆಯನ್ನು 9ರಿಂದ ಭಾಗಿಸಿದರೆ ಕಂಬ ಕಡಿಮೆ ಬೀಳುತ್ತವೆ, ಮೂಲೆಗೆ ಬಂದಾಗ ಅರ್ಧ ಅಂತರ ಉಳಿಯುತ್ತದೆ. ಒಂದೊಂದು ಬದುವನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು: ಉದ್ದಕ್ಕೆ 74 ಅಂತರ, ಅಗಲಕ್ಕೆ 30, ಗೇಟ್ ಇರುವ ಬದುವಿಗೆ 28. ಹೀಗೆ 207 ಕಂಬ ಆದವು. ಮೂಲೆ, ಗೇಟ್ ಮತ್ತು ಸುಮಾರು 165 ಅಡಿಗೊಂದರಂತೆ ಬಿಗಿ ಹಿಡಿಯುವ ಕಂಬಗಳಿಗೆ ಓರೆಯಾಗಿ ಕೊಡುವ ಸಪೋರ್ಟ್ ಕಲ್ಲು 24. ಇಳಿಸುವಾಗ ಮುರಿಯುವುದನ್ನೂ ಸೇರಿಸಿ 240 ಕಲ್ಲು ತರಿಸಬೇಕು.

ಎರೆ ನೆಲದಲ್ಲಿ ಕಂಬ ವಾಲುವುದಕ್ಕೆ ಕಾರಣ ಗುಂಡಿಗೆ ಅದೇ ಮಣ್ಣನ್ನು ತುಂಬುವುದು. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕಲ್ಲಿನ ಸುತ್ತ ಕೈಬೆರಳು ಹೋಗುವಷ್ಟು ಸಂದು ಬಿಡುತ್ತದೆ. ಅದಕ್ಕೆ ಏಳೂವರೆ ಅಡಿ ಕಲ್ಲು ತಂದು ಎರಡೂವರೆ ಅಡಿ ಹೂಳಿ, ಗರಸು ಮತ್ತು ಸಣ್ಣ ಕಲ್ಲನ್ನು ಗೇಣುಗೇಣು ಹಾಕಿ ಹಾರೆಯಿಂದ ಜಡಿದೆವು. ಕಾಂಕ್ರೀಟ್ ಮೂಲೆ, ಗೇಟ್ ಮತ್ತು ಬಿಗಿ ಹಿಡಿಯುವ ಕಂಬಗಳಿಗೆ ಸಾಕು.

ಸಪೋರ್ಟ್ ಕಲ್ಲು ತಂತಿ ಹೋಗುವ ದಿಕ್ಕಿನಲ್ಲೇ, ತಂತಿಯ ಕೆಳಗೇ ಇರಬೇಕು. ತಂತಿ ಕಂಬವನ್ನು ತನ್ನ ಕಡೆಗೆ ಎಳೆಯುವುದರಿಂದ ಅದನ್ನು ಎದುರಿನಿಂದ ತಡೆಯುವುದು ಆ ಕಲ್ಲು. ಅದಕ್ಕೇ ಮೂಲೆಗೆ ಎರಡು ಬೇಕು. ಹೊರಗಿನಿಂದ ಕೊಟ್ಟ ಕಲ್ಲು ಏನನ್ನೂ ಹಿಡಿಯುವುದಿಲ್ಲ. ಮೇಲಿನ ಎಳೆ ಮೊದಲು ಜೋಲು ಬಿದ್ದರೆ ಮೂಲೆ ಒಳಗೆ ವಾಲುತ್ತಿದೆ ಎಂದು ತಿಳಿಯಿರಿ.

ಎಳೆ ಐದು. ನೆಲದಿಂದ 6, 14, 24, 37, 52 ಇಂಚಿಗೆ ಕಟ್ಟಿದೆವು. ಕುರಿ, ಆಡು, ಹಂದಿ ನುಗ್ಗುವುದು ಕೆಳಗಿನಿಂದ, ಹಾಗಾಗಿ ಕೆಳಗೆ ಒತ್ತಾಗಿರಬೇಕು.

ಬಂಡಲ್ ಮಾರುವುದು ಕಿಲೋ ಲೆಕ್ಕದಲ್ಲಿ, ನಮಗೆ ಬೇಕಿರುವುದು ಉದ್ದ. ಕೊಳ್ಳುವ ಮೊದಲು ಮುಳ್ಳು ಸಮೇತ ಒಂದು ಮೀಟರ್ ಕತ್ತರಿಸಿ ತೂಗಿಸಿ. 100 ಗ್ರಾಂ ಬಂದರೆ ಕಿಲೋಗೆ 10 ಮೀಟರ್, 25 ಕಿಲೋ ಬಂಡಲ್‌ಗೆ 250 ಮೀಟರ್. ಐದು ಎಳೆಗೆ 9180 ಅಡಿ, ಅಂದರೆ 2800 ಮೀಟರ್. ಗಂಟು, ಸುತ್ತಿಗೆ ನೂರಕ್ಕೆ ಐದು ಸೇರಿಸಿದರೆ 2940. ನಮಗೆ 12 ಬಂಡಲ್ ಸಾಕಾಯಿತು. ಅದೇ ಮೀಟರ್ 120 ಗ್ರಾಂ ತೂಗಿದ್ದರೆ 15 ಬಂಡಲ್ ಬೇಕಾಗುತ್ತಿತ್ತು. ಗೇಜ್ ಹೆಸರು ಕೇಳಿ ಲೆಕ್ಕ ಹಾಕುವವರು ಮೋಸ ಹೋಗುವುದು ಇಲ್ಲೇ.

ಎಳೆಯುವಾಗ ಒಂದು ಬಿಗಿ ಕಂಬದಿಂದ ಇನ್ನೊಂದಕ್ಕೆ ಮಾತ್ರ ಎಳೆಯಿರಿ, ಮೂಲೆ ತಿರುಗಿಸಿ ಎಳೆಯಬೇಡಿ. ನಡುವಿನ ಕಂಬಗಳಿಗೆ ಕಟ್ಟುತಂತಿಯನ್ನು ಸಡಿಲವಾಗಿ ಸುತ್ತಿ, ಬಿಗಿಯಾದ ಮೇಲೆ ತಿರುಚಿ. 14 ಗೇಜಿನ ಜಿಐ ತಂತಿ ಪ್ರತಿ ಕಟ್ಟಿಗೆ ಎರಡೂವರೆ ಅಡಿಯಂತೆ ಒಟ್ಟು 20 ಕಿಲೋ ಹಿಡಿಯಿತು. ಮುಳ್ಳುತಂತಿ ಕಂಬದ ಹೊರಮೈಗೆ ಇರಲಿ; ದನ ಒರಗಿದರೆ ಭಾರ ಕಲ್ಲಿನ ಮೇಲೆ ಬೀಳುತ್ತದೆ, ಕಟ್ಟಿನ ಮೇಲಲ್ಲ.