ಅಜ್ಜಿಯ ಮೂಗುಬೊಟ್ಟಿನಲ್ಲಿ ಏಳು ಕಲ್ಲು

ನನ್ನ ಸ್ಟುಡಿಯೋಗೆ ಒಬ್ಬ ಹುಡುಗ ಬಂದ. ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಮದುವೆ ಮನೆಯಲ್ಲಿ ಐದು ಜನ ಒಟ್ಟಿಗೆ ಕೂತು ತೆಗೆಸಿಕೊಂಡದ್ದು.

"ಅಣ್ಣ, ಇದರಲ್ಲಿ ನಮ್ಮಜ್ಜಿ ಒಬ್ಬರನ್ನೇ ಬಿಡಿಸಿ ಹನ್ನೆರಡು ಹದಿನೆಂಟು ಮಾಡಿಕೊಡಿ. ನಾಡಿದ್ದು ತಿಥಿ."

ಇಂಥ ಫೋಟೊ ತಿಂಗಳಿಗೆ ನಾಲ್ಕೈದಾದರೂ ಬರುತ್ತವೆ. ಫೋನಿನಲ್ಲಿ ನೋಡಿದರೆ ಅಜ್ಜಿಯ ಮುಖ ಚೆನ್ನಾಗಿಯೇ ಕಾಣುತ್ತದೆ. ದೊಡ್ಡದು ಮಾಡಿದ ತಕ್ಷಣ ಮಸುಕು. ಯಾಕೆ ಹೀಗೆ ಅಂತ ಅವತ್ತು ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಫೈಲು 1600 × 1200 ಇತ್ತು. ಅಂದರೆ ಅಡ್ಡಕ್ಕೆ 1600 ಚುಕ್ಕೆ, ಉದ್ದಕ್ಕೆ 1200. ಈ ಒಂದೊಂದು ಚುಕ್ಕೆಯೇ ಪಿಕ್ಸೆಲ್. ಒಂದು ಪಿಕ್ಸೆಲ್‌ನಲ್ಲಿ ಒಂದೇ ಬಣ್ಣ ಇರುತ್ತದೆ, ಅದರೊಳಗೆ ಬೇರೆ ವಿವರ ಏನೂ ಇಲ್ಲ. ಅದಕ್ಕೆ ಸೆಂಟಿಮೀಟರು, ಇಂಚು ಅಂತ ಅಳತೆಯೂ ಇಲ್ಲ. ಫೋನಿನಲ್ಲಿ ಚಿಕ್ಕದಾಗಿ ಕಾಣುತ್ತದೆ, ಕಾಗದದ ಮೇಲೆ ನಾವು ಎಷ್ಟು ಹಿಗ್ಗಿಸುತ್ತೇವೋ ಅಷ್ಟು ದೊಡ್ಡದಾಗುತ್ತದೆ.

ಅಜ್ಜಿಯ ತಲೆ, ಭುಜ ಸೇರಿಸಿ ಕ್ರಾಪ್ ಮಾಡಿದೆ. ಉಳಿದದ್ದು 240 × 360 ಪಿಕ್ಸೆಲ್. ಇದನ್ನು 12 × 18 ಇಂಚಿಗೆ ಹಿಗ್ಗಿಸಿದರೆ ಒಂದು ಇಂಚಿಗೆ ಸಿಗುವುದು ಬರೀ 20 ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲೂ ಹೆಚ್ಚು ಕಡಿಮೆ ಒಂದು ರಾಗಿ ಕಾಳಿನಷ್ಟಾಗುತ್ತದೆ. ರಾಗಿ ಕಾಳು ಜೋಡಿಸಿ ಮುಖ ಬಿಡಿಸಿದರೆ ರೆಪ್ಪೆಗೂದಲು ಎಲ್ಲಿಂದ ಬರಬೇಕು?

ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಬೀಳುತ್ತವೆ ಅನ್ನುವುದೇ ಪ್ರಿಂಟಿನ ರೆಸಲ್ಯೂಷನ್. ಕೈಯಲ್ಲಿ ಹಿಡಿದು ನೋಡುವ ಫೋಟೊಗೆ ನಾವು 300 ಇಟ್ಟುಕೊಳ್ಳುತ್ತೇವೆ. ಆ ಲೆಕ್ಕದಲ್ಲಿ ಹುಡುಗ ಕೇಳಿದ ಸೈಜಿಗೆ 3600 × 5400 ಪಿಕ್ಸೆಲ್ ಬೇಕು. ಅಂದರೆ 1 ಕೋಟಿ 94 ಲಕ್ಷ ಚುಕ್ಕೆ. ನನ್ನ ಕೈಲಿದ್ದದ್ದು 86,400. ಒಂದು ನಿಜವಾದ ಚುಕ್ಕೆಗೆ 224 ಚುಕ್ಕೆಯನ್ನು ಕಂಪ್ಯೂಟರು ತಾನೇ ಊಹಿಸಿ ತುಂಬಬೇಕು.

ಹೇಗೆ ತುಂಬುತ್ತದೆ ಅನ್ನುವುದರಲ್ಲೇ ಮಸುಕಿನ ಗುಟ್ಟು ಇದೆ. ಅಜ್ಜಿಯ ಕೆನ್ನೆ ಮುಗಿದು ಹಿಂದಿನ ಕಪ್ಪು ಪರದೆ ಶುರುವಾಗುವ ಜಾಗ ನೋಡಿ. ಕಂಪ್ಯೂಟರಿಗೆ ಕಪ್ಪು ಅಂದರೆ 0, ಬಿಳಿ ಅಂದರೆ 255. ಕೆನ್ನೆಯ ಕೊನೆಯ ಪಿಕ್ಸೆಲ್ 200, ಅದರ ಪಕ್ಕದ ಪರದೆಯ ಪಿಕ್ಸೆಲ್ 40. ಒಂದೇ ಹೆಜ್ಜೆಗೆ ಬೆಳಕಿನಿಂದ ಕತ್ತಲು. ಅದಕ್ಕೇ ಆ ಅಂಚು ಚೂಪಾಗಿ ಕಾಣುತ್ತದೆ. ಈಗ ಹದಿನೈದು ಪಟ್ಟು ಹಿಗ್ಗಿಸಿದರೆ ಆ ಎರಡರ ನಡುವೆ 14 ಹೊಸ ಪಿಕ್ಸೆಲ್ ಬರಬೇಕು. ಅಲ್ಲಿ ನಿಜವಾಗಿ ಏನಿತ್ತು ಅಂತ ಫೈಲಿನಲ್ಲಿ ಎಲ್ಲೂ ಬರೆದಿಲ್ಲ. ಹಾಗಾಗಿ 200, 189, 179, 168 ಅಂತ ಸ್ವಲ್ಪಸ್ವಲ್ಪವೇ ಇಳಿಸುತ್ತಾ 40ಕ್ಕೆ ತಂದು ನಿಲ್ಲಿಸುತ್ತದೆ. ಮೆಟ್ಟಿಲಿದ್ದದ್ದು ಇಳಿಜಾರಾಯಿತು. ನಮ್ಮ ಕಣ್ಣಿಗೆ ಮಸುಕು ಅಂತ ಕಾಣುವುದು ಈ ಇಳಿಜಾರೇ. ಇನ್ನೊಂದು ದಾರಿ, ಊಹಿಸದೆ ಅದೇ ಪಿಕ್ಸೆಲ್ಲನ್ನೇ ಮತ್ತೆ ಮತ್ತೆ ನಕಲು ಮಾಡುವುದು. ಆಗ ಮಸುಕಿನ ಬದಲು ಚೌಕ ಚೌಕವಾಗಿ ಕಾಣುತ್ತದೆ. ಫೋಟೊ ಒಡೆದಿದೆ ಅಂತೀವಲ್ಲ, ಅದು.

ಹುಡುಗನಿಗೆ ಮೂಗುಬೊಟ್ಟಿನ ಹತ್ತಿರ ಝೂಮ್ ಮಾಡಿ ತೋರಿಸಿದೆ. ಅಜ್ಜಿಯದು ಏಳು ಕಲ್ಲಿನ ಮೂಗುಬೊಟ್ಟು. ಫೈಲಿನಲ್ಲಿ ಅದು ಐದು ಪಿಕ್ಸೆಲ್ ಅಗಲ, ಅಷ್ಟೇ. ಒಂದೊಂದು ಕಲ್ಲಿಗೆ ಎರಡು ಪಿಕ್ಸೆಲ್ ಅಗಲವೂ ಸಿಕ್ಕಿಲ್ಲ. ನಡುವೆ ಒಂದು ಬಿಳಿ, ಸುತ್ತ ಮಾಸಿದ ಹಳದಿ. ಏಳು ಕಲ್ಲು ಇದ್ದವು ಅನ್ನುವ ಸುದ್ದಿಯೇ ಅಲ್ಲಿಲ್ಲ.

"ಸಾಫ್ಟ್‌ವೇರಲ್ಲಿ 300 ಅಂತ ಹಾಕಿದ್ರೆ ಸರಿ ಹೋಗಲ್ವಾ ಅಣ್ಣ?" ಅಂದ. ಈ ಕೆಲಸ ಶುರು ಮಾಡಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಹಾಗೆ ಮಾಡಿ ಲ್ಯಾಬಿಗೆ ಕಳಿಸಿ, ಮಸುಕಾದ ಪ್ರಿಂಟನ್ನು ಗಿರಾಕಿಗೆ ಕೊಡಲಾಗದೆ ನನ್ನ ಕೈಯಿಂದಲೇ ದುಡ್ಡು ಕಟ್ಟಿದ್ದೇನೆ. ಫೋಟೊಶಾಪಿನ `Image Size` ತೆರೆದು, `Resample` ಗುರುತು ತೆಗೆದು, `Resolution` ಜಾಗದಲ್ಲಿ 300 ಹಾಕಿ ನೋಡಿ. ಪಿಕ್ಸೆಲ್ ಒಂದೂ ಹೆಚ್ಚಾಗುವುದಿಲ್ಲ. ಪ್ರಿಂಟಿನ ಅಗಲ ಮಾತ್ರ 0.8 ಇಂಚಿಗೆ ಇಳಿಯುತ್ತದೆ. ಈ ಫೈಲಿಗೆ 300ರ ಲೆಕ್ಕದಲ್ಲಿ ಬರುವ ಫೋಟೊ ಅಷ್ಟೇ, ಪಾಸ್‌ಪೋರ್ಟ್ ಸೈಜಿಗಿಂತಲೂ ಚಿಕ್ಕದು. `Resample` ಗುರುತು ಹಾಗೇ ಬಿಟ್ಟರೆ ಪಿಕ್ಸೆಲ್ ಸಂಖ್ಯೆ ಏರುತ್ತದೆ, ನಿಜ. ಆದರೆ ಏರಿದ್ದೆಲ್ಲ ಮೇಲೆ ಹೇಳಿದ ಊಹೆಯ ಪಿಕ್ಸೆಲ್ಲೇ. ಅದಕ್ಕೇ ನಾನು ಸಂಖ್ಯೆಯೊಂದನ್ನೇ ನಂಬುವುದಿಲ್ಲ. ಕೆಲವರು ಮೊದಲೇ ಹಿಗ್ಗಿಸಿದ ಫೈಲು ತಂದುಕೊಡುತ್ತಾರೆ. ಝೂಮ್ 100%ನಲ್ಲಿಟ್ಟು ಕಣ್ಣಿನ ರೆಪ್ಪೆ ನೋಡುತ್ತೇನೆ. ಅಂಚು ಒಂದೆರಡು ಪಿಕ್ಸೆಲ್‌ನಲ್ಲಿ ಮುಗಿದರೆ ನಿಜವಾದ ವಿವರ ಇದೆ. ಹತ್ತು ಹದಿನೈದು ಪಿಕ್ಸೆಲ್ ಎಳೆದುಕೊಂಡು ಹೋದರೆ, ಒಂದೋ ತೆಗೆಯುವಾಗಲೇ ಫೋಕಸ್ ತಪ್ಪಿದೆ, ಇಲ್ಲಾ ಯಾರೋ ಹಿಗ್ಗಿಸಿದ್ದಾರೆ.

"ಈ ಫೋಟೊ ತೆಗೆದದ್ದು ಯಾರು?" ಅಂತ ಕೇಳಿದೆ. ಅವನ ಚಿಕ್ಕಪ್ಪನ ಮಗ. ಫೋನಿನಲ್ಲಿ ಮೆಸೇಜಾಗಿ ಕಳಿಸುವಾಗ ಫೋಟೊ ಚಿಕ್ಕದಾಗಿಬಿಡುತ್ತದೆ, ತೆಗೆದವರ ಫೋನಿನಲ್ಲಿ ಮೂಲ ಹಾಗೇ ಇರುತ್ತದೆ. ಫೋನ್ ಮಾಡಿಸಿ, ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಬಂತು. 4000 × 3000! ಅಜ್ಜಿಯ ಭಾಗ ಈಗ 600 × 900. ಮೂಗುಬೊಟ್ಟು ಹನ್ನೆರಡು ಪಿಕ್ಸೆಲ್‌ಗಿಂತ ಜಾಸ್ತಿ. ಕಲ್ಲುಗಳು ಬಿಡಿಬಿಡಿಯಾಗಿ ಕಂಡವು.

ಹಾಗಂತ 12 × 18ಕ್ಕೆ ಇದೂ ಸಾಲದು. ಇಂಚಿಗೆ 50 ಪಿಕ್ಸೆಲ್ ಬರುತ್ತದೆ ಅಷ್ಟೇ. ಇಲ್ಲಿ ಇನ್ನೊಂದು ಲೆಕ್ಕ ಬೇಕು, ನೋಡುವ ದೂರದ್ದು. ಒಳ್ಳೆಯ ಕಣ್ಣಿಗೂ ದೂರ ಹೋದಂತೆ ಪಕ್ಕಪಕ್ಕದ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ನಾನು ಬಳಸುವ ಸೂತ್ರ ಇದು: 3438ನ್ನು ಇಂಚಿನ ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಿ. ಎಷ್ಟು ಇಂಚು ದೂರದಿಂದ ನೋಡಿದರೆ ಚುಕ್ಕೆ ಕಾಣದು ಅನ್ನುವುದು ಸಿಗುತ್ತದೆ. 50ಕ್ಕೆ ಸುಮಾರು 69 ಇಂಚು, ಅಂದರೆ ಆರು ಅಡಿ ಹತ್ತಿರ. ರಸ್ತೆ ಬದಿಯ ಫ್ಲೆಕ್ಸು ಎಷ್ಟೋ ಕಡಿಮೆ ಪಿಕ್ಸೆಲ್‌ನಲ್ಲೂ ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ.

ತಿಥಿ ದಿನ ಫೋಟೊ ಎಲ್ಲಿಡುತ್ತೀರಿ ಅಂತ ಕೇಳಿದೆ. ಕುರ್ಚಿ ಮೇಲಂತೆ. ಬಂದವರೆಲ್ಲ ಬಗ್ಗಿ ಹೂ ಹಾಕುತ್ತಾರೆ, ಮುಖ ಎರಡು ಮೂರು ಅಡಿಯಲ್ಲಿರುತ್ತದೆ. ಆರು ಅಡಿಯ ಫೋಟೊ ಅಲ್ಲಿ ನಿಲ್ಲುವುದಿಲ್ಲ. 8 × 12 ಮಾಡೋಣ ಅಂದೆ. ಇಂಚಿಗೆ 75 ಪಿಕ್ಸೆಲ್, ನಾಲ್ಕು ಅಡಿಗೆ ಚೊಕ್ಕ. ಹತ್ತಿರ ಬಂದರೆ ಸ್ವಲ್ಪ ಮೆತ್ತಗೆ ಕಾಣುತ್ತದೆ, ಆದರೆ ಕೆಡುವುದಿಲ್ಲ. ಅವನಿಗೆ ಮೊದಲು ಮನಸ್ಸಿರಲಿಲ್ಲ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ದೊಡ್ಡದೇ ಇದೆ ಅಂದ. ಅಜ್ಜಿಯ ಕಣ್ಣಿನ ಭಾಗವನ್ನಷ್ಟೇ ಎರಡೂ ಅಳತೆಯಲ್ಲಿ ಒಂದು ಚಿಕ್ಕ ಕಾಗದದ ಮೇಲೆ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಬಗ್ಗಿ ನೋಡಿ ಚಿಕ್ಕದರ ಮೇಲೆ ಬೆರಳಿಟ್ಟ.

ಮಾರನೇ ದಿನ ಫ್ರೇಮ್ ತಗೊಂಡು ಹೋಗಲು ಅವನ ಅಮ್ಮನೂ ಬಂದಿದ್ದರು. ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದು ಮೂಗುಬೊಟ್ಟಿನ ಕಲ್ಲು ಎಣಿಸಿದರು. ಆಮೇಲೆ ಸೆರಗಿನಿಂದ ಗಾಜು ಒರೆಸಿ, ಮಗನ ಕೈಗೆ ಕೊಟ್ಟರು.